380ರಿಂದ 475ರವರೆಗೆ: ನೋಡದೆ ಬಿಟ್ಟ ಕೊಂಬೆಗಳು

ಎರಡು ಮಿತಿಗಳನ್ನು ಹೇಳಿ, ಅವುಗಳ ನಡುವೆ ಬರುವುದನ್ನೆಲ್ಲ ಕೊಡು ಎಂದು ಕಂಪ್ಯೂಟರನ್ನು ಕೇಳುವ ಪ್ರಶ್ನೆಗೆ ರೇಂಜ್ ಕ್ವೆರಿ ಎಂದು ಹೆಸರು. ಎಸ್ಸೆಸ್ಸೆಲ್ಸಿಯಲ್ಲಿ 625ಕ್ಕೆ 380ರಿಂದ 475ರ ಒಳಗೆ ಅಂಕ ಪಡೆದವರು ಯಾರು ಎನ್ನುವುದು ಅಂಥದೊಂದು ಪ್ರಶ್ನೆ. ಪಟ್ಟಿಯ ಮೊದಲಿನಿಂದ ಕೊನೆಯವರೆಗೆ ಒಂದೊಂದೇ ಹೆಸರು ನೋಡುತ್ತ ಹೋದರೂ ಉತ್ತರ ಸಿಗುತ್ತದೆ. ಹತ್ತು ಲಕ್ಷ ಹೆಸರಿದ್ದು, ಬೇಕಾದವರು ನೂರೇ ಮಂದಿ ಆದರೆ ಮಾತ್ರ ಈ ದಾರಿ ದುಬಾರಿ. ಉಳಿದವರನ್ನು ನೋಡದೆಯೇ ‘ಇವರಲ್ಲಿ ಯಾರೂ ಇಲ್ಲ’ ಎಂದು ಹೇಳುವ ಉಪಾಯ ಬೇಕು.

ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಜೋಡಿಸಿಟ್ಟರೆ ಅರ್ಧ ಕೆಲಸ ಮುಗಿದಂತೆಯೇ. ಪಟ್ಟಿ ಬದಲಾಗುವುದೇ ಇಲ್ಲ ಎಂದಾದರೆ ಅದಕ್ಕಿಂತ ಹೆಚ್ಚಿನ ವ್ಯವಸ್ಥೆಯೂ ಬೇಡ. ಆದರೆ ದಿನವೂ ಹೊಸ ದಾಖಲೆ ಸೇರುವ ಕಡೆ ಪ್ರತಿ ಸಲ ನಡುವೆ ಜಾಗ ಮಾಡಲು ಹಿಂದಿನವನ್ನೆಲ್ಲ ಸರಿಸಬೇಕಾಗುತ್ತದೆ. ಅಲ್ಲಿ ಬಳಕೆಗೆ ಬರುವುದು ಬೈನರಿ ಸರ್ಚ್ ಟ್ರೀ. ಇದರ ಬೇರು ಮೇಲಿದ್ದು ಕೊಂಬೆಗಳು ಕೆಳಗೆ ಇಳಿಯುತ್ತವೆ. ಒಂದೊಂದು ಗೆಣ್ಣಿನಲ್ಲಿ, ಅಂದರೆ ನೋಡ್‌ನಲ್ಲಿ, ಒಂದು ಕೀ ಇರುತ್ತದೆ; ಇಲ್ಲಿ ಅದು ವಿದ್ಯಾರ್ಥಿಯ ಅಂಕ. ಪಾಲಿಸಬೇಕಾದ ಕಟ್ಟಳೆ ಒಂದೇ: ಯಾವ ನೋಡ್ ತೆಗೆದುಕೊಂಡರೂ ಅದರ ಎಡಗಡೆಯ ಕೊಂಬೆಯಲ್ಲಿ ಇರುವುದೆಲ್ಲ ಅದಕ್ಕಿಂತ ಚಿಕ್ಕದು, ಬಲಗಡೆ ಇರುವುದೆಲ್ಲ ದೊಡ್ಡದು. ಹದಿನೈದು ವಿದ್ಯಾರ್ಥಿಗಳ ಅಂಕಗಳ ಮರ ಹೀಗಿರಬಹುದು:

```
              420
          /         \
       310           515
      /   \         /   \
   250    365    470    570
   / \    / \    / \    / \
 210 280 340 395 445 490 540 605
```

ಈಗ 380ರಿಂದ 475ರವರೆಗಿನ ಅಂಕಗಳನ್ನು ಹುಡುಕುವ ಕೆಲಸ ಬೇರಿನಿಂದ ಶುರುವಾಗುತ್ತದೆ. ಬೇರಿನಲ್ಲಿರುವ 420 ಮಿತಿಯೊಳಗೇ ಇದೆ. ಹಾಗಾಗಿ ಅದರ ಎಡಕ್ಕೂ ಬಲಕ್ಕೂ ಉತ್ತರಗಳು ಇರಬಹುದು, ಎರಡೂ ಕಡೆ ಇಳಿಯಲೇಬೇಕು. ಎಡಕ್ಕೆ ಇಳಿದರೆ 310 ಸಿಗುತ್ತದೆ. ಇದು 380ಕ್ಕಿಂತ ಕಡಿಮೆ, ಉತ್ತರಕ್ಕೆ ಸೇರದು. ಕಟ್ಟಳೆಯ ಬೆಲೆ ತಿಳಿಯುವುದು ಇಲ್ಲಿಯೇ. 310ರ ಎಡಗಡೆ ಇರುವುದೆಲ್ಲ 310ಕ್ಕಿಂತಲೂ ಚಿಕ್ಕದಾದ್ದರಿಂದ ಅಲ್ಲಿ 380 ದಾಟಿದ ಒಂದು ಅಂಕವೂ ಇರಲು ಸಾಧ್ಯವಿಲ್ಲ. 250, 210, 280 ಈ ಮೂರನ್ನೂ ತೆರೆದು ನೋಡದೆಯೇ ಬಿಡಬಹುದು. ಬಲಕ್ಕೆ ಹೋದರೆ 365. ಇದೂ ಕಡಿಮೆಯೇ, ಆದ್ದರಿಂದ ಅದರ ಎಡದ 340ನ್ನೂ ಬಿಟ್ಟು ಮತ್ತೆ ಬಲಕ್ಕೆ. ಅಲ್ಲಿರುವ 395 ಮೊದಲ ಉತ್ತರ.

ಬೇರಿಗೆ ಹಿಂದಿರುಗಿ 420ನ್ನು ಬರೆದುಕೊಂಡು ಬಲಗಡೆ ಇಳಿದರೆ 515 ಎದುರಾಗುತ್ತದೆ. ಇದು 475ನ್ನು ಮೀರಿದೆ, ಇದರ ಬಲದ ಕೊಂಬೆಯಂತೂ ಇನ್ನೂ ಮೀರಿರುತ್ತದೆ. 570, 540, 605 ಮೂರನ್ನೂ ಮುಟ್ಟುವ ಅಗತ್ಯವಿಲ್ಲ. ಎಡಕ್ಕೆ ಹೋದರೆ 470, ಅದರ ಎಡಕ್ಕೆ 445, ಎರಡೂ ಉತ್ತರಗಳೇ. 470ರ ಬಲದ 490 ಮಿತಿ ದಾಟಿದ್ದು, ಅದರ ಕೆಳಗೆ ಏನೂ ಇಲ್ಲ. ಅಲ್ಲಿಗೆ ಹುಡುಕಾಟ ಮುಗಿಯಿತು. ಎಡಗಡೆ, ತಾನು, ಬಲಗಡೆ ಎಂಬ ಸರದಿಯಲ್ಲಿ ಬರೆದುಕೊಂಡರೆ 395, 420, 445, 470 ಎಂದು ಉತ್ತರ ತಾನಾಗಿಯೇ ಏರಿಕೆಯಲ್ಲಿ ಬರುತ್ತದೆ. ಆಮೇಲೆ ಬೇರೆ ಜೋಡಿಸಬೇಕಿಲ್ಲ.

ಹದಿನೈದರಲ್ಲಿ ನೋಡಿದ್ದು ಎಂಟು, ನೋಡದೆ ಬಿಟ್ಟದ್ದು ಏಳು. ಹೀಗೆ ಬಿಡುವುದಕ್ಕೆ ಕೊಂಬೆ ಸವರುವುದು ಎಂಬ ಹೋಲಿಕೆ ಬಳಕೆಯಲ್ಲಿದೆ. ಹೋಲಿಕೆ ಪೂರ್ತಿ ಸರಿಯಲ್ಲ: ಕಾಫಿ ತೋಟದ ಮರಗಸಿಯಲ್ಲಿ ಕೊಂಬೆ ನಿಜಕ್ಕೂ ಕಡಿದು ನೆಲಕ್ಕೆ ಬೀಳುತ್ತದೆ, ಇಲ್ಲಿ ಬೀಳುವುದಿಲ್ಲ. ಮರ ಇದ್ದಂತೆಯೇ ಇದ್ದು, ಆ ಒಂದು ಪ್ರಶ್ನೆಯ ಮಟ್ಟಿಗೆ ಆ ಕೊಂಬೆಯತ್ತ ಹೋಗುವುದಿಲ್ಲ ಅಷ್ಟೆ. ಮುಂದಿನ ಪ್ರಶ್ನೆ 200ರಿಂದ 300 ಎಂದಾದರೆ ಈಗ ಬಿಟ್ಟ 250ರ ಕೊಂಬೆಯಲ್ಲೇ ಉತ್ತರ ಇರುತ್ತದೆ.

ಇಷ್ಟನ್ನೂ ಪೈಥಾನ್ ಭಾಷೆಯಲ್ಲಿ ಬರೆದರೆ ಒಂಬತ್ತೇ ಸಾಲು:

```python
def range_query(node, lo, hi, out):
    if node is None:
        return
    if node.key > lo:
        range_query(node.left, lo, hi, out)
    if lo <= node.key <= hi:
        out.append(node.key)
    if node.key < hi:
        range_query(node.right, lo, hi, out)
```

ಇಲ್ಲಿ ಮೂರು ಪ್ರಶ್ನೆಗಳು ಒಂದಕ್ಕೊಂದು ಅಂಟಿಕೊಳ್ಳದೆ ನಿಂತಿರುವುದನ್ನು ಗಮನಿಸಬೇಕು. ಎಡಕ್ಕೆ ಹೋಗಬೇಕೇ, ಈ ನೋಡ್ ಉತ್ತರವೇ, ಬಲಕ್ಕೆ ಹೋಗಬೇಕೇ ಎಂದು ಬೇರೆಬೇರೆಯಾಗಿ ಕೇಳಲಾಗಿದೆ. ಹೊಸದಾಗಿ ಬರೆಯುವವರು ಎಡವುವುದು ಇವನ್ನು ಬೆರೆಸಿದಾಗ. ‘ನೋಡ್ ಮಿತಿಯೊಳಗೆ ಇಲ್ಲ, ಆದ್ದರಿಂದ ವಾಪಸ್ ಹೋಗು’ ಎಂದು ಬರೆದರೆ 310ರಲ್ಲಿಯೇ ಹುಡುಕಾಟ ನಿಂತು, ಅದರ ಕೆಳಗಿರುವ 395 ಕೈತಪ್ಪುತ್ತದೆ. ನೋಡ್ ಅನರ್ಹವಾದರೂ ಅದರ ಒಂದು ಕೊಂಬೆ ಅರ್ಹವಾಗಿರಬಹುದು; ಸವರಬೇಕಾದದ್ದು ಕೊಂಬೆಯನ್ನು, ನೋಡ್ ಅನ್ನಲ್ಲ.

ಇದಕ್ಕೆ ತದ್ವಿರುದ್ಧವಾದ ತಪ್ಪು ಇನ್ನೂ ಕಳ್ಳ. ಎಡ ಬಲಗಳ ಎರಡು ಷರತ್ತುಗಳನ್ನು ಮರೆತು ನಡುವಿನದನ್ನು ಮಾತ್ರ ಉಳಿಸಿಕೊಂಡರೆ ಉತ್ತರ ಸರಿಯಾಗಿಯೇ ಬರುತ್ತದೆ. ಪರೀಕ್ಷೆಗಳೆಲ್ಲ ಪಾಸಾಗುತ್ತವೆ. ಮರದ ಒಂದೊಂದು ನೋಡನ್ನೂ ಸುತ್ತಿ ಬಂದದ್ದು ಮಾತ್ರ ಯಾರಿಗೂ ಕಾಣುವುದಿಲ್ಲ. ಅದನ್ನು ಹಿಡಿಯಲು ಉತ್ತರ ನೋಡಿದರೆ ಸಾಲದು, ಎಷ್ಟು ನೋಡ್‌ಗಳಿಗೆ ಭೇಟಿ ಕೊಟ್ಟಿತು ಎಂದು ಎಣಿಸಬೇಕು.

ಎಣಿಸಿದರೆ ಎಷ್ಟು ಬರಬೇಕು? ಉತ್ತರವಾಗಿ ಬಂದ ನೋಡ್‌ಗಳನ್ನು ನೋಡಲೇಬೇಕಿತ್ತು, ಅದರ ಬಗ್ಗೆ ತಕರಾರಿಲ್ಲ. ದಂಡವಾಗಿ ನೋಡಿದ್ದು 310, 365, 515 ಮತ್ತು 490. ಇವು ಎಲ್ಲಿವೆ ಎಂದು ನೋಡಿದರೆ ಒಂದು ಸೊಗಸಾದ ಸಂಗತಿ ಹೊಳೆಯುತ್ತದೆ. ಇದೇ ಮರದಲ್ಲಿ 380 ಎಂಬ ಒಂದೇ ಅಂಕವನ್ನು ಹುಡುಕಿ ಹೊರಟರೆ ಹಿಡಿಯುವ ದಾರಿ 420, 310, 365, 395. 475ನ್ನು ಹುಡುಕಿದರೆ 420, 515, 470, 490. ದಂಡವಾದ ನಾಲ್ಕೂ ಈ ಎರಡು ದಾರಿಗಳ ಮೇಲೆಯೇ ಇವೆ. ಇದು ಕಾಕತಾಳೀಯವಲ್ಲ. ಕೆಳಮಿತಿಗಿಂತ ಚಿಕ್ಕದಾದ ನೋಡ್‌ಗೆ ಹುಡುಕಾಟ ಬಂದಿದೆ ಎಂದರೆ, ಅದಕ್ಕಿಂತ ಮೇಲಿನ ಪ್ರತಿ ತಿರುವಿನಲ್ಲೂ ಕೆಳಮಿತಿಯನ್ನೇ ಹುಡುಕುವವರು ತಿರುಗುತ್ತಿದ್ದ ಕಡೆಗೇ ಅದು ತಿರುಗಿದೆ. ಮೇಲ್ಮಿತಿಗಿಂತ ದೊಡ್ಡದಕ್ಕೂ ಇದೇ ಮಾತು. ಎರಡು ಅಂಚುಗಳ ಉದ್ದಕ್ಕೆ ಮಾತ್ರ ದಂಡದ ಓಡಾಟ. ಅವುಗಳ ನಡುವೆ ತೂಗುವ ಕೊಂಬೆಗಳು ಪೂರ್ತಿ ಉತ್ತರ, ಹೊರಗಿನವು ಪೂರ್ತಿ ಬಿಟ್ಟವು.

ಹೀಗಾಗಿ ಲೆಕ್ಕ ಸರಳ: ಭೇಟಿ ಕೊಟ್ಟ ನೋಡ್‌ಗಳು ಉತ್ತರಗಳ ಸಂಖ್ಯೆ ಮತ್ತು ಮರದ ಅಂತಸ್ತುಗಳ ಎರಡರಷ್ಟು ಸೇರಿ ಆಗುವ ಮೊತ್ತವನ್ನು ಮೀರಬಾರದು. ಹತ್ತು ಲಕ್ಷ ಕೀಗಳು ಚೊಕ್ಕವಾಗಿ ತುಂಬಿದ ಮರಕ್ಕೆ ಇಪ್ಪತ್ತೇ ಅಂತಸ್ತು ಸಾಕು. ನೂರು ಉತ್ತರ ಬೇಕಾದಾಗ ಹೆಚ್ಚೆಂದರೆ 140 ನೋಡ್‌ಗಳನ್ನು ನೋಡಿದರಾಯಿತು. ಎಣಿಕೆ ಇದನ್ನು ದಾಟಿದರೆ ಸವರುವ ಷರತ್ತಿನಲ್ಲಿ ಎಲ್ಲೋ ತಪ್ಪಿದೆ ಎಂದೇ ಅರ್ಥ. ಉತ್ತರವೇ ಹತ್ತು ಲಕ್ಷದಷ್ಟಿದ್ದರೆ, ಅಂದರೆ 0ಯಿಂದ 625ರವರೆಗೆ ಎಂದು ಕೇಳಿದರೆ, ಯಾವ ಉಪಾಯವೂ ಉಳಿಸಿಕೊಡುವುದು ಏನೂ ಇಲ್ಲ.

‘ಚೊಕ್ಕವಾಗಿ ತುಂಬಿದ ಮರ’ ಎಂಬ ಮಾತಿನ ಹಿಂದೆ ಒಂದು ಅಪಾಯ ಅಡಗಿದೆ. ಇದೇ ಹದಿನೈದು ಅಂಕಗಳನ್ನು 210, 250, 280 ಎಂದು ಏರಿಕೆಯಲ್ಲೇ ಒಂದೊಂದಾಗಿ ಸಾದಾ ಮರಕ್ಕೆ ಸೇರಿಸಿದರೆ, ಪ್ರತಿಯೊಂದೂ ಹಿಂದಿನದರ ಬಲಕ್ಕೆ ಹೋಗಿ ಜೋತುಬೀಳುತ್ತದೆ. ಆಗ ಸಿಗುವುದು ಹದಿನೈದು ಅಂತಸ್ತಿನ ಸರಪಳಿ. ಅದರಲ್ಲಿ ಸವರಲು ಎಡಗಡೆ ಕೊಂಬೆಯೇ ಇರುವುದಿಲ್ಲ. 600ರಿಂದ 610ರವರೆಗೆ ಎಂದು ಕೇಳಿದರೆ 605 ಸಿಗುವ ಮುನ್ನ ಉಳಿದ ಹದಿನಾಲ್ಕನ್ನೂ ದಾಟಬೇಕು. ಮೋಸ ಎಲ್ಲಿದೆ ಎಂದರೆ, ಅದೇ ಸರಪಳಿಯಲ್ಲಿ 200ರಿಂದ 250ರವರೆಗೆ ಕೇಳಿದಾಗ ಎರಡೇ ನೋಡ್ ನೋಡಿ ಕೆಲಸ ಮುಗಿಯುತ್ತದೆ. ಚಿಕ್ಕ ಸಂಖ್ಯೆಗಳನ್ನು ಮಾತ್ರ ಕೊಟ್ಟು ಪರೀಕ್ಷಿಸಿದವರಿಗೆ ಎಲ್ಲವೂ ಸರಿಯಾಗಿದೆ ಎನಿಸುತ್ತದೆ. ದೊಡ್ಡ ಸರಪಳಿಯಲ್ಲಿ ಮೇಲಿನ ಕೋಡ್ ನಡೆಯುವುದೂ ಇಲ್ಲ, ಏಕೆಂದರೆ ಪೈಥಾನ್ ಒಂದರೊಳಗೊಂದು ಸುಮಾರು ಸಾವಿರ ಕರೆಗಳಿಗೆ `RecursionError` ಎಂದು ಕೈಚೆಲ್ಲುತ್ತದೆ.

ಸೇರಿಸುವಾಗಲೇ ಕೊಂಬೆಗಳನ್ನು ತಿರುಗಿಸಿ ಮರದ ತೂಕ ಸರಿದೂಗಿಸುವುದು ಇದಕ್ಕಿರುವ ಮದ್ದು. ಸೋವಿಯತ್ ಗಣಿತಜ್ಞರಾದ ಅಡೆಲ್ಸನ್-ವೆಲ್ಸ್ಕಿ ಮತ್ತು ಲ್ಯಾಂಡಿಸ್ 1962ರಲ್ಲಿ ಇದಕ್ಕೊಂದು ವಿಧಾನ ಕೊಟ್ಟರು. ಅವರ ಹೆಸರಿನ ಮೊದಲಕ್ಷರಗಳಿಂದಲೇ ಅದಕ್ಕೆ ಎವಿಎಲ್ ಮರ ಎಂಬ ಹೆಸರು ಬಂತು. ಇಂಥ ಮರದಲ್ಲಿ ಸಂಖ್ಯೆಗಳು ಯಾವ ಕ್ರಮದಲ್ಲಿ ಬಂದರೂ ಅಂತಸ್ತುಗಳು ಮಿತಿಮೀರುವುದಿಲ್ಲ.

ಒಂದೇ ಅಂಕ ಇಬ್ಬರಿಗೆ ಬಂದಾಗ ಇನ್ನೊಂದು ಎಚ್ಚರ ಬೇಕು. ಸಮಾನವಾದದ್ದನ್ನು ಬಲಕ್ಕೆ ಇಡುವ ಮರದಲ್ಲಿ 475 ಅಂಕದ ಇಬ್ಬರಿದ್ದಾರೆ ಎನ್ನೋಣ. ಮೊದಲ 475 ಸಿಕ್ಕಾಗ ‘ಕೀ ಮೇಲ್ಮಿತಿಗಿಂತ ಚಿಕ್ಕದೇ’ ಎಂಬ ಪ್ರಶ್ನೆಗೆ ಇಲ್ಲ ಎಂದು ಉತ್ತರ ಬಂದು ಬಲದ ಕೊಂಬೆ ಬಿಟ್ಟುಹೋಗುತ್ತದೆ, ಎರಡನೆಯ ವಿದ್ಯಾರ್ಥಿ ಪಟ್ಟಿಯಿಂದ ಕಾಣೆಯಾಗುತ್ತಾನೆ. ತೂಕ ಸರಿದೂಗಿಸುವ ಮರದಲ್ಲಿ ತಿರುಗಿಸುವಾಗ ಸಮಾನ ಕೀ ಎಡಕ್ಕೂ ಬರಬಹುದಾದ್ದರಿಂದ ಎರಡೂ ಕಡೆಯ ಷರತ್ತುಗಳಲ್ಲಿ `>=`, `<=` ಬಳಸುವುದೇ ಕ್ಷೇಮ. ಮೇಲಿನ ಒಂಬತ್ತು ಸಾಲು ಎಲ್ಲ ಕೀಗಳೂ ಬೇರೆಬೇರೆ ಇದ್ದಾಗ ಮಾತ್ರ ಸರಿ.

ಡೇಟಾಬೇಸ್‌ಗಳಲ್ಲಿ ಇದೇ ವಿಚಾರ ಅಗಲವಾದ ಮರದ ರೂಪದಲ್ಲಿದೆ. ಬೇಯರ್ ಮತ್ತು ಮೆಕ್‌ಕ್ರೈಟ್ 1972ರಲ್ಲಿ ಪ್ರಕಟಿಸಿದ ಬಿ-ಟ್ರೀಯಲ್ಲಿ ಒಂದು ನೋಡ್‌ಗೆ ಎರಡಲ್ಲ, ನೂರಾರು ಕೊಂಬೆಗಳಿರಬಹುದು. ಡಿಸ್ಕ್‌ನಿಂದ ಒಮ್ಮೆ ಓದಿದ್ದರಲ್ಲಿ ಹೆಚ್ಚು ಕೀಗಳು ಸಿಗಲಿ ಎಂಬುದು ಉದ್ದೇಶ. ಇದರ ಮುಂದಿನ ರೂಪವಾದ ಬಿ-ಪ್ಲಸ್ ಟ್ರೀಯಲ್ಲಿ ತುದಿಯ ಎಲೆಗಳಿಗೆ ಪರಸ್ಪರ ಕೊಂಡಿಯೂ ಇರುವುದರಿಂದ ಕೆಳಮಿತಿಯವರೆಗೆ ಒಮ್ಮೆ ಇಳಿದು, ಅಲ್ಲಿಂದ ಎಲೆಯಿಂದ ಎಲೆಗೆ ಅಡ್ಡ ನಡೆದು, ಮೇಲ್ಮಿತಿ ದಾಟಿದೊಡನೆ ನಿಲ್ಲಬಹುದು. ಹ್ಯಾಶ್ ಇಂಡೆಕ್ಸ್‌ನಿಂದ ಈ ಕೆಲಸ ಆಗದು. ಅದು ಕೀಗಳನ್ನು ಚೆಲ್ಲಾಪಿಲ್ಲಿಯಾಗಿ ಹಂಚುವುದರಿಂದ 380ರ ಪಕ್ಕದಲ್ಲಿ 381 ಇರುತ್ತದೆ ಎಂಬ ಭರವಸೆಯೇ ಇಲ್ಲ.

ಎಸ್‌ಕ್ಯುಎಲ್‌ನಲ್ಲಿ ಈ ಪ್ರಶ್ನೆಯನ್ನು `BETWEEN 380 AND 475` ಎಂದು ಬರೆಯುತ್ತಾರೆ, ಎರಡೂ ಮಿತಿಗಳು ಅದರಲ್ಲಿ ಸೇರುತ್ತವೆ. ಅಂಕಗಳಿಗೆ ಇದು ಸರಿ. ದಿನಾಂಕದ ಜೊತೆ ಗಂಟೆ ನಿಮಿಷವೂ ದಾಖಲಾಗಿರುವ ಕಡೆ `BETWEEN '2024-03-01' AND '2024-03-31'` ಎಂದು ಬರೆದರೆ ಎರಡನೆಯ ಮಿತಿ 31ರ ಮಧ್ಯರಾತ್ರಿ ಸೊನ್ನೆ ಗಂಟೆಗೇ ನಿಂತುಬಿಡುತ್ತದೆ. ತಿಂಗಳ ಕೊನೆಯ ದಿನದ ವ್ಯವಹಾರವೆಲ್ಲ ಸವರಿಹೋದ ಕೊಂಬೆಗೆ ಸೇರುತ್ತದೆ, ಎಚ್ಚರಿಕೆಯ ಸಂದೇಶವೂ ಬರುವುದಿಲ್ಲ. ಅಲ್ಲಿ ಬರೆಯಬೇಕಾದದ್ದು `>= '2024-03-01'` ಮತ್ತು `< '2024-04-01'`.