ಹೊಟ್ಟೆ ತೆರೆದಿರುವಾಗಲೇ ಬರುವ ವರದಿ

ಅಂಡಾಶಯದ ಗೆಡ್ಡೆಗೆ ಮುಂಚಿತವಾಗಿ ಸೂಜಿ ಚುಚ್ಚಿ ಪರೀಕ್ಷಿಸಲು ವೈದ್ಯರು ಸಾಮಾನ್ಯವಾಗಿ ಒಪ್ಪುವುದಿಲ್ಲ. ಅದು ಕ್ಯಾನ್ಸರ್ ಆಗಿದ್ದರೆ, ಚುಚ್ಚಿದಲ್ಲಿಂದ ಸೋರಿದ ದ್ರವದ ಜೊತೆ ರೋಗ ಹೊಟ್ಟೆಯೊಳಗೆ ಹರಡುವ ಭಯವಿರುತ್ತದೆ. ಹಾಗಾಗಿ ಸ್ಕ್ಯಾನ್, ರಕ್ತಪರೀಕ್ಷೆ ಎಲ್ಲ ಮುಗಿದ ಮೇಲೂ ಗೆಡ್ಡೆ ಎಂಥದ್ದೆಂಬ ಪ್ರಶ್ನೆ ಉಳಿದಿರಬಹುದು. ಅದಕ್ಕೆ ಆಪರೇಷನ್ ನಡೆಯುತ್ತಿರುವಾಗಲೇ ಉತ್ತರ ಹುಡುಕುವ ಪರೀಕ್ಷೆ ಫ್ರೋಜನ್ ಸೆಕ್ಷನ್.

28 ವರ್ಷದ, ಮುಂದೆ ಮಕ್ಕಳು ಬೇಕೆನ್ನುವ ಮಹಿಳೆಯೊಬ್ಬರ ಎಡ ಅಂಡಾಶಯದಲ್ಲಿ 18 ಸೆಂಟಿಮೀಟರಿನ ಗೆಡ್ಡೆ ಇದೆ ಎಂದಿಟ್ಟುಕೊಳ್ಳಿ. ಕ್ಯಾನ್ಸರ್ ಕಂಡುಬಂದರೆ ಏನೇನು ತೆಗೆಯಬಹುದು, ಏನನ್ನು ಉಳಿಸಬೇಕು ಎಂದು ಅವರೊಡನೆ ಹಿಂದಿನ ದಿನವೇ ಮಾತಾಡಿ ಸಹಿ ಪಡೆದಿರುತ್ತಾರೆ. ಸರ್ಜನ್ ಗೆಡ್ಡೆಯನ್ನು ಒಡೆಯದಂತೆ ಇಡಿಯಾಗಿ ಹೊರತೆಗೆದು, ಫಾರ್ಮಲಿನ್‌ಗೆ ಹಾಕದೆ, ಹಸಿಯಾಗಿಯೇ ಲ್ಯಾಬಿಗೆ ಕಳಿಸುತ್ತಾರೆ.

ಪ್ಯಾಥಾಲಜಿಸ್ಟ್ ಅದನ್ನು ಸೀಳಿ ನೋಡುತ್ತಾರೆ. ಬಹುಪಾಲು ತೆಳುಗೋಡೆಯ ಕೋಣೆಗಳು, ಒಳಗೆ ಅಂಟಂಟಾದ ಲೋಳೆ. ಒಂದು ಮೂಲೆಯಲ್ಲಿ ಮಾತ್ರ ಬೆರಳಿಗೆ ಗಟ್ಟಿಯಾಗಿ ಸಿಗುವ ಬಿಳಿಯ ಭಾಗ. ತುಣುಕು ತೆಗೆಯಬೇಕಾದ್ದು ಅಲ್ಲಿಂದಲೇ. ನನ್ನ ಪ್ರಕಾರ ಇಡೀ ಪರೀಕ್ಷೆಯಲ್ಲಿ ಅತ್ಯಂತ ಕಷ್ಟದ ಘಳಿಗೆ ಇದು; ತಪ್ಪು ಜಾಗದ ತುಣುಕನ್ನು ಎಷ್ಟು ಚೆನ್ನಾಗಿ ಕತ್ತರಿಸಿದರೂ ಪ್ರಯೋಜನವಿಲ್ಲ. ಆ ತುಣುಕನ್ನು ಕ್ರಯೋಸ್ಟಾಟ್ ಎಂಬ ಯಂತ್ರದಲ್ಲಿ ಸುಮಾರು ಮೈನಸ್ 20 ಡಿಗ್ರಿಯಲ್ಲಿ ಹೆಪ್ಪುಗಟ್ಟಿಸಿ, ಮಿಲಿಮೀಟರಿನ ಇನ್ನೂರರಲ್ಲಿ ಒಂದು ಭಾಗದಷ್ಟು ತೆಳ್ಳಗೆ ಕತ್ತರಿಸಿ, ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಡುತ್ತಾರೆ. ಲ್ಯಾಬಿಗೆ ಬಂದ ಸುಮಾರು 20 ನಿಮಿಷಕ್ಕೆ ಥಿಯೇಟರಿಗೆ ಫೋನ್ ಹೋಗುತ್ತದೆ.

ಅಪಾಯವಿಲ್ಲದ ಗೆಡ್ಡೆ ಎಂದರೆ ಸರ್ಜನ್ ಅಲ್ಲಿಗೇ ನಿಲ್ಲಿಸಿ ಹೊಲಿಗೆ ಹಾಕಬಹುದು. ಕ್ಯಾನ್ಸರ್ ಎಂದರೆ ಅದು ಎಲ್ಲಿಯವರೆಗೆ ಹೋಗಿದೆ ಎಂದು ಹುಡುಕಬೇಕು. ಇಲ್ಲಿ ಬಂದ ಉತ್ತರ ಇವೆರಡರ ನಡುವಿನದು: ‘ಕನಿಷ್ಠಪಕ್ಷ ಬಾರ್ಡರ್‌ಲೈನ್.’ ಸರ್ಜನ್ ಗರ್ಭಕೋಶವನ್ನೂ ಬಲ ಅಂಡಾಶಯವನ್ನೂ ಮುಟ್ಟುವುದಿಲ್ಲ. ಕರುಳಿನ ಮುಂದಿನ ಕೊಬ್ಬಿನ ಪದರದ ಚೂರು ತೆಗೆದು, ಅಪೆಂಡಿಕ್ಸ್ ಮತ್ತು ಹೊಟ್ಟೆಯ ಒಳಗೋಡೆಯನ್ನು ಪರಿಶೀಲಿಸಿ ಮುಗಿಸುತ್ತಾರೆ.

ಇಷ್ಟು ಎಚ್ಚರಿಕೆಗೆ ಕಾರಣವಿದೆ. ಹೆಪ್ಪುಗಟ್ಟುವಾಗ ಮೂಡುವ ಮಂಜಿನ ಹರಳುಗಳು ಜೀವಕೋಶಗಳ ಆಕಾರ ಕೆಡಿಸುತ್ತವೆ. ಅದಕ್ಕಿಂತ ಮುಖ್ಯವಾಗಿ, ಲೋಳೆ ತುಂಬಿದ ದೊಡ್ಡ ಗೆಡ್ಡೆಯಲ್ಲಿ ಸಾಧಾರಣ ಭಾಗ, ಬಾರ್ಡರ್‌ಲೈನ್ ಭಾಗ, ಕ್ಯಾನ್ಸರ್ ಮೂರೂ ಅಕ್ಕಪಕ್ಕದಲ್ಲೇ ಇರಬಹುದು. 20 ನಿಮಿಷದಲ್ಲಿ ನೋಡಲಾಗುವುದು ಒಂದೆರಡು ತುಣುಕು ಮಾತ್ರ. ಆಮೇಲೆ ಮೇಣದಲ್ಲಿ ಹುದುಗಿಸಿ ಮಾಡುವ ಪರೀಕ್ಷೆಯಲ್ಲಿ, ಗೆಡ್ಡೆಯ ಪ್ರತಿ ಸೆಂಟಿಮೀಟರಿಗೆ ಒಂದಾದರೂ ತುಣುಕು ನೋಡುತ್ತಾರೆ. ಅನುಮಾನವಿದ್ದಾಗ ಕಡಿಮೆ ತೆಗೆಯುವುದೇ ಸರಿ ಎಂದು ನಾನು ನಂಬುವುದು ಇದಕ್ಕೇ: ಬಿಟ್ಟದ್ದನ್ನು ಇನ್ನೊಂದು ಆಪರೇಷನ್‌ನಲ್ಲಿ ತೆಗೆಯಬಹುದು, ತೆಗೆದ ಗರ್ಭಕೋಶವನ್ನು ಮರಳಿ ಇಡಲಾಗದು.

ಅಂತಿಮ ವರದಿಗೆ ಕೆಲವು ದಿನ ಬೇಕು. ಅದರಲ್ಲೂ ಬಾರ್ಡರ್‌ಲೈನ್ ಎಂದೇ ಇದ್ದರೆ ಈ ಮಹಿಳೆಗೆ ಆಗಾಗ ತಪಾಸಣೆ, ಸ್ಕ್ಯಾನ್ ಸಾಕಾಗುತ್ತದೆ. ಎಲ್ಲೋ ಒಂದು ತುಣುಕಿನಲ್ಲಿ ಕ್ಯಾನ್ಸರ್ ಸಿಕ್ಕರೆ, ಎರಡನೇ ಆಪರೇಷನ್ ಬೇಕೇ ಎಂಬ ತೀರ್ಮಾನವನ್ನು ವೈದ್ಯರು ಅವರ ಜೊತೆ ಕೂತು ಮಾಡುತ್ತಾರೆ.