ಐವತ್ತು ಪದಗಳಲ್ಲಿ ಒಂದು ಪ್ರಯೋಗ

ಬಯಲುಸೀಮೆಯ ಮನೆಗಳಲ್ಲಿ ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ಒಳಗೆ ಬೆರಳಾಡಿಸಿದರೆ ಬಿಳಿಯ ಒರಟು ಪದರ ಸಿಗುತ್ತದೆ. ಅದು ಕುದಿಯುವಾಗ ನೀರು ಬಿಟ್ಟುಕೊಟ್ಟ ಸುಣ್ಣ. ಹಾಗಾದರೆ ಕುದಿಸಿದರೆ ನೀರಿನ ಗಡಸುತನ ಎಷ್ಟು ಹೋಗುತ್ತದೆ, ಎಷ್ಟು ಉಳಿಯುತ್ತದೆ? ಬಿ.ಎಸ್ಸಿ. ವಿದ್ಯಾರ್ಥಿಗಳು ಒಂದು ಮಧ್ಯಾಹ್ನದಲ್ಲಿ ಮಾಡಿ ಮುಗಿಸುವ ಪ್ರಯೋಗ ಇದು. ಕಷ್ಟವಾಗುವುದು ಆಮೇಲೆ, ವರದಿಯ ಮೊದಲ ಪುಟದಲ್ಲಿ ಸಾರಾಂಶ ಬರೆಯಲು ಕುಳಿತಾಗ.

ಸಾಮಾನ್ಯವಾಗಿ ನನ್ನ ಮೇಜಿಗೆ ಬರುವ ಮೊದಲ ಕರಡು ಹೀಗಿರುತ್ತದೆ: ‘ನೀರು ಜೀವಜಲ. ಈ ಪ್ರಯೋಗದಲ್ಲಿ ನೀರಿನ ಗಡಸುತನವನ್ನು ಅಧ್ಯಯನ ಮಾಡಲಾಯಿತು. ಮೊದಲು ಬ್ಯುರೆಟ್ ತೊಳೆದು ಇಡಿಟಿಎ ದ್ರಾವಣ ತುಂಬಲಾಯಿತು. ಪಿಪೆಟ್‌ನಿಂದ ನೀರನ್ನು ಫ್ಲಾಸ್ಕಿಗೆ ತೆಗೆದುಕೊಂಡು ಬಫರ್ ಮತ್ತು ಸೂಚಕ ಹಾಕಲಾಯಿತು. ಬಣ್ಣ ಬದಲಾದಾಗ ರೀಡಿಂಗ್ ಬರೆದುಕೊಳ್ಳಲಾಯಿತು. ಕುದಿಸಿದ ನೀರಿನಲ್ಲಿ ಗಡಸುತನ ಗಣನೀಯವಾಗಿ ಕಡಿಮೆಯಾಗಿದೆ. ಆದ್ದರಿಂದ ಗಡಸು ನೀರನ್ನು ಕುದಿಸಿ ಕುಡಿಯಬಹುದು.’

ಇದರಲ್ಲಿ ಸುಳ್ಳೆನ್ನುವ ಮಾತು ಕೊನೆಯದೊಂದೇ. ಆದರೂ ಇದನ್ನು ಓದಿದವರಿಗೆ ಏನು ಗೊತ್ತಾಯಿತು? ಎಷ್ಟಿತ್ತು, ಎಷ್ಟಾಯಿತು, ಎರಡೂ ಇಲ್ಲ. ನೂರಾರು ವರದಿ ಓದಿದ ಮೇಲೆ ನಾನು ಒಂದೇ ಒಂದು ಪರೀಕ್ಷೆಯನ್ನು ಇಟ್ಟುಕೊಂಡಿದ್ದೇನೆ. ಒಂದು ಮಾತನ್ನು ತೆಗೆದುಹಾಕಿದಾಗ ಓದುಗರು ಫಲಿತಾಂಶವನ್ನು ತಪ್ಪಾಗಿ ತಿಳಿಯುವಂತಾದರೆ ಅದು ಉಳಿಯಬೇಕು. ಏನೂ ವ್ಯತ್ಯಾಸವಾಗದಿದ್ದರೆ ಅದು ಹೋಗಬೇಕು. ಉದ್ದೇಶ, ವಿಧಾನ, ಫಲಿತಾಂಶ, ತೀರ್ಮಾನ ಈ ನಾಲ್ಕೂ ಇದೇ ಪರೀಕ್ಷೆಯನ್ನು ದಾಟಿ ಬರಬೇಕು.

ಬರೆಯಲು ಶುರುಮಾಡಬೇಕಾದದ್ದು ಫಲಿತಾಂಶದಿಂದ. ನಮ್ಮ ಉದಾಹರಣೆಯ ಅಂಕಿಗಳನ್ನೇ ನೋಡೋಣ. 25 ಮಿ.ಲೀ. ಹಸಿ ನೀರಿಗೆ ಪಿಎಚ್ 10ರ ಅಮೋನಿಯಾ ಬಫರ್, ಚಿಟಿಕೆ ಎರಿಯೊಕ್ರೋಮ್ ಬ್ಲ್ಯಾಕ್ ಟಿ ಹಾಕಿದರೆ ನೀರು ದ್ರಾಕ್ಷಾರಸದ ಕೆಂಪಾಗುತ್ತದೆ. ಬ್ಯುರೆಟ್‌ನಿಂದ 0.01 ಮೋಲಾರ್ ಇಡಿಟಿಎ ಬಿಡುತ್ತಾ ಹೋದರೆ 10.6 ಮಿ.ಲೀ.ಗೆ ಕೆಂಪಿನ ಕೊನೆಯ ಛಾಯೆ ಹೋಗಿ ಅಚ್ಚ ನೀಲಿಯಾಗುತ್ತದೆ. ಈ ಅಳತೆಯಲ್ಲಿ ಇಡಿಟಿಎಯ ಪ್ರತಿ ಮಿ.ಲೀ.ಗೆ ಲೀಟರಿಗೆ 40 ಮಿ.ಗ್ರಾಂ ಗಡಸುತನ ಎಂದು ಲೆಕ್ಕ. ಅಂದರೆ 424 ಮಿ.ಗ್ರಾಂ. ಕುದಿಸಿದ ನೀರಿಗೆ 4.8 ಮಿ.ಲೀ. ಸಾಕಾಯಿತು, ಅಂದರೆ 192.

ಈ ಎರಡು ಸಂಖ್ಯೆಗಳ ಜೊತೆ ‘ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ’ ಎಂಬ ಮಾತು ಇರಲೇಬೇಕು. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಷಿಯಂ ಎರಡೂ ಇರುತ್ತವೆ. ಎಲ್ಲವೂ ಸುಣ್ಣದಕಲ್ಲೇ ಎಂದುಕೊಂಡು ತೂಕ ಹೇಳುವುದು ರೂಢಿ. ಆ ಮಾತು ಬಿಟ್ಟುಹೋದರೆ 424 ಎನ್ನುವುದು ಬರಿಯ ಕ್ಯಾಲ್ಸಿಯಂನ ತೂಕ ಎಂದು ಯಾರಾದರೂ ತಿಳಿದಾರು. ಆಗ ನಿಜಕ್ಕಿಂತ ಎರಡೂವರೆ ಪಟ್ಟು ಗಡಸು ನೀರು ಅವರ ಮನಸ್ಸಿನಲ್ಲಿರುತ್ತದೆ. ಬ್ಯುರೆಟ್ ಓದುವಾಗಿನ ಅನುಮಾನ 0.1 ಮಿ.ಲೀ., ಅಂದರೆ 4 ಮಿ.ಗ್ರಾಂ. ಅದನ್ನೂ ಬರೆಯಬೇಕು. ಕ್ಯಾಲ್ಕುಲೇಟರ್ ತೋರಿಸಿತೆಂದು 424.37 ಎಂದು ಬರೆದರೆ, ಬ್ಯುರೆಟ್ ಹೇಳದ ಮಾತನ್ನು ನಾವು ಅದರ ಬಾಯಿಗೆ ಹಾಕಿದಂತೆ.

ಹೆಚ್ಚು ಪದ ಪೋಲಾಗುವುದು ವಿಧಾನದಲ್ಲಿ. ಬ್ಯುರೆಟ್ ತೊಳೆದದ್ದು, ಬಫರ್ ಹಾಕಿದ್ದು, ಬಣ್ಣ ಬದಲಾದದ್ದು ಇವೆಲ್ಲ ‘ಇಡಿಟಿಎ ಟೈಟ್ರೇಷನ್’ ಎಂಬ ಎರಡೇ ಪದಗಳಲ್ಲಿ ಅಡಗಿವೆ. ಅದನ್ನು ಮಾಡಿ ಬಲ್ಲವರಿಗೆ ವಿವರ ಬೇಡ, ಬೇಕಾದವರಿಗೆ ಒಳಪುಟಗಳಿವೆ. ಆದರೆ ಮೊದಲ ಕರಡಿನಲ್ಲಿ ಕಾಣದ ಎರಡು ಕೆಲಸಗಳು ಸಾರಾಂಶಕ್ಕೆ ಬರಲೇಬೇಕು. ಕುದಿಸಿದ ನೀರನ್ನು ಆರಿಸಿ, ಸೋಸಿದ್ದು ಒಂದು. ಸೋಸಿದ ನೀರಿಗೆ ಡಿಸ್ಟಿಲ್ಡ್ ವಾಟರ್ ಸೇರಿಸಿ ಮತ್ತೆ ಮೊದಲಿನ 250 ಮಿ.ಲೀ.ಗೆ ತಂದದ್ದು ಇನ್ನೊಂದು.

ಯಾಕೆಂದರೆ ಅರ್ಧ ಗಂಟೆ ಕುದಿಸಿದಾಗ 250 ಮಿ.ಲೀ. ನೀರು ಆವಿಯಾಗಿ 200ಕ್ಕೆ ಇಳಿಯಿತೆನ್ನಿ. ಕರಗಿ ಉಳಿದ ಲವಣ ಅಷ್ಟೇ ಇರುತ್ತದೆ, ನೀರು ಮಾತ್ರ ಕಡಿಮೆ. ಹಾಗೇ ಟೈಟ್ರೇಟ್ ಮಾಡಿದರೆ 4.8ರ ಬದಲು 6.0 ಮಿ.ಲೀ. ಬೇಕಾಗುತ್ತದೆ, ಉತ್ತರ 192ರ ಬದಲು 240. ಕುಡಿಯುವ ನೀರಿಗೆ ಭಾರತೀಯ ಮಾನಕ ಬ್ಯೂರೊ ಒಪ್ಪುವ ಗಡಸುತನ ಲೀಟರಿಗೆ 200 ಮಿ.ಗ್ರಾಂ. (ಬೇರೆ ನೀರಿನ ಮೂಲವೇ ಇಲ್ಲದ ಕಡೆ 600ರವರೆಗೆ ಬಿಡುತ್ತದೆ.) 192 ಈ ಗೆರೆಯ ಕೆಳಗೆ, 240 ಮೇಲೆ. ನೀರಿನ ಪ್ರಮಾಣ ಸರಿಮಾಡಿದ ಒಂದು ಹೆಜ್ಜೆ ತೀರ್ಮಾನವನ್ನೇ ತಿರುಗಿಸುತ್ತದೆ. ಸೋಸುವುದೂ ಹಾಗೆಯೇ. ಸೋಸದಿದ್ದರೆ ಇಡಿಟಿಎ ತಳದ ಸುಣ್ಣದ ಪುಡಿಯನ್ನೂ ಕರಗಿಸಿಕೊಳ್ಳುತ್ತಾ ಹೋಗುತ್ತದೆ. ನೀಲಿಯಾದ ದ್ರಾವಣ ಸ್ವಲ್ಪ ಹೊತ್ತಿಗೆ ಮತ್ತೆ ಕೆಂಪಿಗೆ ತಿರುಗಿದರೆ ಇಂಥದ್ದೇನೋ ಆಗಿದೆ ಎಂದು ಅನುಮಾನಿಸಬೇಕು.

ಉದ್ದೇಶವನ್ನು ‘ಅಧ್ಯಯನ ಮಾಡಲಾಯಿತು’ ಎಂದು ಬರೆಯುವ ಅಭ್ಯಾಸ ನನಗೆ ಹಿಡಿಸದು. ಅಧ್ಯಯನ ಎಂದಾಗ ಪ್ರಶ್ನೆ ಏನೆಂದು ಗೊತ್ತಾಗುವುದಿಲ್ಲ. ‘ಎಷ್ಟು ಭಾಗ’ ಎಂದು ಕೇಳಿದರೆ ಉತ್ತರ ಸಂಖ್ಯೆಯಲ್ಲೇ ಬರಬೇಕಾಗುತ್ತದೆ, ಸಾರಾಂಶ ತಾನಾಗಿ ಬಿಗಿಯಾಗುತ್ತದೆ.

ತೀರ್ಮಾನದಲ್ಲಿ ಆಗುವ ತಪ್ಪು ಪದ ಉಳಿಸುವ ಭರದಲ್ಲಿಯೇ ಆಗುವಂಥದ್ದು. ‘ಗಡಸು ನೀರನ್ನು ಕುದಿಸಿ ಕುಡಿಯಬಹುದು’ ಎಂಬ ವಾಕ್ಯ ಚಿಕ್ಕದಾಗಿದೆ, ಆದರೆ ಅಳೆದದ್ದು ಒಂದು ಬೋರ್‌ವೆಲ್‌ನ ನೀರು, ಅದರಲ್ಲೂ ಗಡಸುತನ ಒಂದೇ. ಕುದಿಸಿದಾಗ ಹೋಗುವುದು ಬೈಕಾರ್ಬೊನೇಟ್‌ನಿಂದ ಬಂದ ತಾತ್ಕಾಲಿಕ ಗಡಸುತನ. ಸಲ್ಫೇಟ್, ಕ್ಲೋರೈಡ್‌ಗಳಿಂದ ಬಂದದ್ದು ಅಲ್ಲೇ ಉಳಿಯುತ್ತದೆ. ಪಕ್ಕದ ಊರಿನ ನೀರಿನಲ್ಲಿ ಎರಡರ ಪಾಲು ಬೇರೆಯಾಗಿರಬಹುದು. ಕೋಲಾರ, ಪಾವಗಡದ ಕಡೆಯ ಕೊಳವೆಬಾವಿಗಳಲ್ಲಿ ಫ್ಲೋರೈಡ್ ತೊಂದರೆಯಿದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾದಷ್ಟೂ ಅದರ ಸಾಂದ್ರತೆ ಏರುತ್ತದೆ. ಅಲ್ಲಿಯ ತಾಯಿಯೊಬ್ಬಳು ಆ ಚಿಕ್ಕ ವಾಕ್ಯವನ್ನು ನಂಬಿದರೆ ಮಕ್ಕಳ ಹಲ್ಲು, ಮೂಳೆಗಳ ಪಾಡೇನು? ‘ಈ ನೀರಿನ’ ಎಂಬ ಎರಡು ಪದಗಳಿಗೆ ಸಾರಾಂಶದಲ್ಲಿ ಜಾಗ ಕೊಡಬೇಕಾದದ್ದು ಅದಕ್ಕೇ.

ಇಷ್ಟನ್ನು ಸೋಸಿದ ಮೇಲೆ ಉಳಿಯುವುದು ಸುಮಾರು ಐವತ್ತು ಪದ:

‘ಬೋರ್‌ವೆಲ್ ನೀರಿನ ಗಡಸುತನದಲ್ಲಿ ಎಷ್ಟು ಭಾಗ ಕುದಿಸುವುದರಿಂದ ಹೋಗುತ್ತದೆಂದು ಅಳೆಯಲಾಯಿತು. ಒಂದು ಬೋರ್‌ವೆಲ್‌ನ ನೀರನ್ನು ಕುದಿಸುವ ಮುನ್ನ, ಮತ್ತು 30 ನಿಮಿಷ ಕುದಿಸಿ, ಸೋಸಿ, ಮೊದಲಿನ ಪ್ರಮಾಣಕ್ಕೆ ತಂದ ನಂತರ ಇಡಿಟಿಎ ಟೈಟ್ರೇಷನ್‌ಗೆ ಒಳಪಡಿಸಲಾಯಿತು. ಗಡಸುತನ ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ ಲೀಟರಿಗೆ 424 ± 4 ಮಿ.ಗ್ರಾಂನಿಂದ 192 ± 4 ಮಿ.ಗ್ರಾಂಗೆ ಇಳಿಯಿತು. ಈ ನೀರಿನ ಗಡಸುತನದಲ್ಲಿ ಶೇ 55 ತಾತ್ಕಾಲಿಕ. ಕುದಿಸಿದ ಮೇಲೆ ಅದು ಮಾನಕ ಬ್ಯೂರೊದ 200 ಮಿ.ಗ್ರಾಂ ಮಿತಿಯೊಳಗೆ ಬರುತ್ತದೆ.’

ಇದಾದ ಮೇಲೆ ವಿದ್ಯಾರ್ಥಿಯ ಕೈಗೆ ಪೆನ್ಸಿಲ್ ಕೊಟ್ಟು, ಸಾರಾಂಶದ ಒಂದೊಂದು ಅಂಕಿಯನ್ನೂ ಒಳಗಿನ ಕೋಷ್ಟಕದೊಂದಿಗೆ ತಾಳೆ ನೋಡಿ ಗುರುತು ಹಾಕಲು ಹೇಳುತ್ತೇನೆ. ಬೇಗ ಮುಗಿಸುವ ಆತುರದಲ್ಲಿ ಸಾರಾಂಶವನ್ನು ಮೊದಲೇ ಬರೆದಿಟ್ಟವರದು ಇಲ್ಲಿ ಸಿಕ್ಕಿಬೀಳುತ್ತದೆ. ಅವರ ಸಾರಾಂಶದಲ್ಲಿ 436 ಇರುತ್ತದೆ, ಕೋಷ್ಟಕದಲ್ಲಿ 424. ಹುಡುಕಿದರೆ 436 ಎಂಬುದು ಅಂದಾಜಿಗೆಂದು ಮಾಡಿದ ಮೊದಲ ಟೈಟ್ರೇಷನ್‌ನದು. ಆಗ ನೀಲಿ ಬಣ್ಣ ದಾಟಿಹೋಗಿ ಬ್ಯುರೆಟ್ 10.9ರಲ್ಲಿ ನಿಂತಿತ್ತು.