ನೂರಾರು ದೀಪಗಳ ದೃಶ್ಯ: ಬೆಳಕಿನ ಲೆಕ್ಕ ಎಲ್ಲಿ, ಎಷ್ಟು ಸಲ?

ವಿಡಿಯೋ ಗೇಮ್ ಒಂದರಲ್ಲಿ ಮಳೆ ಸುರಿದ ರಾತ್ರಿಯ ಬಂದರನ್ನು ತೋರಿಸಬೇಕು ಎಂದುಕೊಳ್ಳಿ. ಕ್ರೇನು, ಹಡಗು, ಲಾರಿ ಎಲ್ಲ ಸೇರಿ 300 ದೀಪಗಳಿವೆ. ಅವು ಓಡಾಡುತ್ತವೆ, ಆರಿ ಹತ್ತುತ್ತವೆ. ಹಾಗಾಗಿ ಬೆಳಕನ್ನು ಮೊದಲೇ ಲೆಕ್ಕ ಹಾಕಿಟ್ಟುಕೊಳ್ಳುವಂತಿಲ್ಲ. ಪರದೆ 1920×1080, ಅಂದರೆ ಸುಮಾರು 20.7 ಲಕ್ಷ ಪಿಕ್ಸೆಲ್.

ಸಾದಾ ಫಾರ್ವರ್ಡ್ ವಿಧಾನದಲ್ಲಿ ವಸ್ತುವನ್ನು ಬರೆಯುವಾಗಲೇ ಪ್ರತಿ ಪಿಕ್ಸೆಲ್‌ನ ಶೇಡರ್ ಎಲ್ಲ ದೀಪಗಳನ್ನೂ ಸುತ್ತಿ ಬರುತ್ತದೆ. ಒಂದು ಫ್ರೇಮಿಗೆ 62 ಕೋಟಿ ಲೆಕ್ಕ. ಬರೆದ ಗೋಡೆಯ ಮುಂದೆ ಆಮೇಲೆ ಲಾರಿ ಬಂದರೆ ಗೋಡೆಗಾಗಿ ಮಾಡಿದ್ದೆಲ್ಲ ದಂಡ. ಮೊದಲು ಆಳವನ್ನಷ್ಟೇ ಬರೆದುಕೊಂಡರೆ ಆ ದಂಡ ತಪ್ಪುತ್ತದೆ, ಆದರೆ 300 ಎಂಬ ಗುಣಕ ಉಳಿದೇ ಉಳಿಯುತ್ತದೆ. ಬೆಳಕು ಹತ್ತು ಮೀಟರು ಮಾತ್ರ ಹರಡುವ ದೀಪಗಳಾದರೆ ಒಂದು ಜಾಗಕ್ಕೆ ತಟ್ಟುವುದು ಐದಾರು. ಮಿಕ್ಕ ಲೆಕ್ಕದ ಉತ್ತರವೆಲ್ಲ ಸೊನ್ನೆ.

ಡಿಫರ್ಡ್ ವಿಧಾನ ಕೆಲಸವನ್ನು ಎರಡಾಗಿ ಒಡೆಯುತ್ತದೆ. ಮೊದಲು ಬಣ್ಣ, ಮೇಲ್ಮೈಯ ದಿಕ್ಕು, ಒರಟುತನ, ಆಳ ಇವನ್ನು ಜಿ-ಬಫರ್ ಎಂಬ ಪದರಗಳಲ್ಲಿ ಬರೆದಿಡುತ್ತದೆ. ಆಮೇಲೆ ಪ್ರತಿ ದೀಪವೂ ತನ್ನ ವ್ಯಾಪ್ತಿಯ ಪಿಕ್ಸೆಲ್‌ಗಳಿಗೆ ಮಾತ್ರ ಬೆಳಕು ಸೇರಿಸುತ್ತದೆ. ಇದಕ್ಕೆ ತೆರುವ ಬೆಲೆ ಮೆಮೊರಿ. ನಾಲ್ಕು ಪದರ ಮತ್ತು ಆಳ, ತಲಾ 4 ಬೈಟ್ ಎಂದರೆ ಪಿಕ್ಸೆಲ್‌ಗೆ 20 ಬೈಟ್, ಇಡೀ ಪರದೆಗೆ ಸುಮಾರು 41 ಎಂಬಿ. ಅಂಚುಗಳನ್ನು ನಯಗೊಳಿಸಲು ನಾಲ್ಕು ಮಾದರಿಯ ಎಂಎಸ್‌ಎಎ ಬೇಕೆಂದರೆ ಅದು 166 ಎಂಬಿಗೆ ಏರುತ್ತದೆ. ಇದನ್ನು ಪ್ರತಿ ಫ್ರೇಮಿನಲ್ಲೂ ಬರೆದು ಮತ್ತೆ ಓದಬೇಕು. ಇನ್ನೊಂದು ತೊಡಕು ಗಾಜು. ಜಿ-ಬಫರ್‌ನಲ್ಲಿ ಒಂದು ಪಿಕ್ಸೆಲ್‌ಗೆ ಒಂದೇ ಮೇಲ್ಮೈಗೆ ಜಾಗ. ಗಾಜು ಮತ್ತು ಅದರಾಚೆಯ ಗೋಡೆ ಎರಡೂ ಹಿಡಿಸವು. ಆದ್ದರಿಂದ ಗಾಜು, ಹೊಗೆಗಳನ್ನು ಕೊನೆಗೆ ಫಾರ್ವರ್ಡ್‌ನಲ್ಲೇ ಬರೆಯಬೇಕಾಗುತ್ತದೆ. ಅಲ್ಲಿ ದೀಪಗಳನ್ನು ಮೊಟಕುಗೊಳಿಸಿದ್ದರೆ ಗೋಡೆಗೆ ಬಿದ್ದ ಕೆಂಪು ಬೆಳಕು ಅದರ ಮುಂದಿನ ಹೊಗೆಗೆ ಬೀಳುವುದಿಲ್ಲ. ಇದು ಕಣ್ಣಿಗೆ ಕೂಡಲೇ ಹೊಡೆಯುತ್ತದೆ.

ಸ್ವೀಡನ್ನಿನ ಚಾಲ್ಮರ್ಸ್ ವಿಶ್ವವಿದ್ಯಾಲಯದ ಓಲಾ ಓಲ್ಸನ್, ಮಾರ್ಕಸ್ ಬಿಲೆಟರ್, ಉಲ್ಫ್ ಅಸಾರ್ಸನ್ 2012ರಲ್ಲಿ ಮುಂದಿಟ್ಟ ದಾರಿ ಕ್ಲಸ್ಟರ್ಡ್. ಅದಕ್ಕೂ ಮೊದಲು ಪರದೆಯನ್ನು ಚೌಕಗಳಾಗಿ ಕತ್ತರಿಸಿ, ಚೌಕಕ್ಕೊಂದು ದೀಪದ ಪಟ್ಟಿ ಮಾಡುವ ಕ್ರಮವಿತ್ತು. ಆದರೆ ಒಂದೇ ಚೌಕದಲ್ಲಿ ಹತ್ತಿರದ ಕ್ರೇನೂ ದೂರದ ಹಡಗೂ ಬಿದ್ದರೆ, ಎರಡನ್ನೂ ಮುಟ್ಟದ ನಡುವಿನ ದೀಪಗಳೂ ಪಟ್ಟಿಗೆ ಸೇರಿಬಿಡುತ್ತವೆ. ಕ್ಲಸ್ಟರ್ ಆಳವನ್ನೂ ಹೋಳು ಮಾಡುತ್ತದೆ. 2016ರ ಡೂಮ್ ಆಟ ಇದನ್ನು ಫಾರ್ವರ್ಡ್ ಜೊತೆ ಬಳಸಿತು.

ನಮ್ಮ ಬಂದರಿಗೆ 16×9×24 ಎಂದು ಕತ್ತರಿಸೋಣ: 3456 ಕ್ಲಸ್ಟರ್‌ಗಳು, ಪರದೆಯ ಮೇಲೆ ಒಂದೊಂದೂ 120 ಪಿಕ್ಸೆಲ್ ಚೌಕ. ದೂರ ಹೋದಂತೆ ಹೋಳು ದಪ್ಪವಾಗಬೇಕು, ಅದಕ್ಕೆ ಲಾಗರಿದಮ್:

```
slice = floor(24 * log(z / near) / log(far / near))
```

`near` 0.1 ಮೀಟರ್, `far` 1000 ಮೀಟರ್ ಇಟ್ಟು 10 ಮೀಟರ್ ದೂರಕ್ಕೆ ಲೆಕ್ಕ ಹಾಕಿದರೆ ಬರುವುದು 12. ಅಂದರೆ ಅರ್ಧದಷ್ಟು ಹೋಳು ಮೊದಲ ಹತ್ತು ಮೀಟರಿಗೇ ಖರ್ಚು. ಅದರಲ್ಲೂ ಆರು ಹೋಳು ಮೊದಲ ಒಂದು ಮೀಟರಿನೊಳಗೆ, ಏನೂ ಇರದ ಜಾಗದಲ್ಲಿ. ಕಡೆಯ ಹೋಳೋ 681ರಿಂದ 1000 ಮೀಟರಿನವರೆಗೆ ಚಾಚಿಕೊಂಡಿದೆ. ಮೊದಲ 5 ಮೀಟರಿಗೆ ಒಂದೇ ಹೋಳು ಕೊಟ್ಟು, ಉಳಿದ 23ನ್ನು 5ರಿಂದ 500 ಮೀಟರಿಗೆ ಹಂಚಿದರೆ ಕಡೆಯದು 409ರಿಂದ 500 ಆಗುತ್ತದೆ. ಅದಕ್ಕೂ ಆಚೆಯ ದೀಪಗಳಿಗೆ ಹೊಳೆಯುವ ಚುಕ್ಕೆ ಸಾಕು.

ಪ್ರತಿ ಕ್ಲಸ್ಟರಿನ ಪಟ್ಟಿಗೂ ಮಿತಿ ಇಟ್ಟಿದ್ದು, ದೀಪಗಳು ಅದನ್ನು ಮೀರಿದರೆ ಹೆಚ್ಚಿನವು ಬಿಟ್ಟುಹೋಗುತ್ತವೆ. ಆಗ ಪರದೆಯಲ್ಲಿ ನೇರ ಅಂಚಿನ ಕಪ್ಪು ಚೌಕಗಳು ಕಾಣುತ್ತವೆ, ಕ್ಯಾಮೆರಾ ತಿರುಗಿದಂತೆ ಮಿನುಗುತ್ತವೆ. ಅವುಗಳ ಅಗಲ 120 ಪಿಕ್ಸೆಲ್ ಇದ್ದರೆ ತಪ್ಪು ಎಲ್ಲಿದೆ ಎಂದು ಬೇರೆ ಹುಡುಕಬೇಕಿಲ್ಲ. ಪ್ರತಿ ಪಿಕ್ಸೆಲ್‌ಗೆ ಎಷ್ಟು ದೀಪ ಲೆಕ್ಕವಾಯಿತು ಎಂಬುದನ್ನು ಬಣ್ಣದಲ್ಲಿ ತೋರಿಸುವ ನೋಟವೊಂದನ್ನು ಮೊದಲ ದಿನವೇ ಕಟ್ಟಿಕೊಳ್ಳಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಹಾಗಾದರೆ ಆಯ್ಕೆ? ಕ್ಲಸ್ಟರಿನ ಪಟ್ಟಿಯನ್ನು ಡಿಫರ್ಡ್ ಕೂಡ ಬಳಸಬಹುದು. ಆದ್ದರಿಂದ ಡಿಫರ್ಡ್ ಮತ್ತು ಕ್ಲಸ್ಟರ್ಡ್ ಫಾರ್ವರ್ಡ್ ನಡುವೆ ತೀರ್ಮಾನಿಸುವುದು ದೀಪಗಳ ಸಂಖ್ಯೆಯಲ್ಲ. ಕೈಬೆರಳೆಣಿಕೆಯ ದೀಪಗಳಿದ್ದರೆ ಸಾದಾ ಫಾರ್ವರ್ಡ್ ಸಾಕು. ಗಾಜು, ಹೊಗೆ, ಎಂಎಸ್‌ಎಎ ಮುಖ್ಯವಾದರೆ ಕ್ಲಸ್ಟರ್ಡ್ ಫಾರ್ವರ್ಡ್. ಆದರೆ ಮಾಡೆಲ್‌ಗಳಲ್ಲಿ ಪಿಕ್ಸೆಲ್ ಗಾತ್ರದ ತ್ರಿಕೋನಗಳು ತುಂಬಿದ್ದರೆ ಅದು ದುಬಾರಿ: ಜಿಪಿಯು 2×2 ಪಿಕ್ಸೆಲ್‌ಗಳ ಗುಂಪಿನಲ್ಲೇ ಕೆಲಸ ಮಾಡುವುದರಿಂದ ಒಂದು ಪಿಕ್ಸೆಲ್‌ಗಾಗಿ ಬೆಳಕಿನ ಇಡೀ ಸುತ್ತು ನಾಲ್ಕು ಸಲ ನಡೆಯುತ್ತದೆ. ಡಿಫರ್ಡ್‌ನಲ್ಲಿ ಈ ನಷ್ಟ ಜಿ-ಬಫರ್ ಬರೆಯುವ ಹಂತಕ್ಕೆ ಮಾತ್ರ ತಗಲುತ್ತದೆ.

ನಮ್ಮ ಬಂದರಿನಲ್ಲಿ ಮಂಜು, ಕಿಟಕಿ, ಮಳೆ ಎಲ್ಲೆಡೆ ಇರುವುದರಿಂದ ನಾನು ಕ್ಲಸ್ಟರ್ಡ್ ಫಾರ್ವರ್ಡ್ ಹಿಡಿಯುತ್ತೇನೆ. ನೆರಳಿನ ಭಾರವನ್ನು ಮಾತ್ರ ಯಾವ ವಿಧಾನವೂ ಇಳಿಸದು. ದೀಪಗಳನ್ನು ಒಂದೊಂದಾಗಿ ಮುಗಿಸುವ ಡಿಫರ್ಡ್ ಒಂದೇ ನೆರಳಿನ ನಕ್ಷೆಯನ್ನು ಅಳಿಸಿ ಮತ್ತೆ ಬಳಸಬಲ್ಲದು. ಕ್ಲಸ್ಟರ್ಡ್ ಫಾರ್ವರ್ಡ್‌ನಲ್ಲಿ ಎಲ್ಲ ನಕ್ಷೆಗಳೂ ಒಟ್ಟಿಗೆ ಮೆಮೊರಿಯಲ್ಲಿರಬೇಕು. ಹಾಗಾಗಿ 300ರಲ್ಲಿ ಕ್ಯಾಮೆರಾಗೆ ಹತ್ತಿರದ, ಪ್ರಖರವಾದ ಇಪ್ಪತ್ತು ಮೂವತ್ತು ದೀಪಗಳಿಗಷ್ಟೇ ನೆರಳು.